ಸ್ಟ್ರಾಬೆರಿ ಮಚ್ಚೆ: ಕಾಯುವುದೋ, ಕೈಹಾಕುವುದೋ?

ಫ್ರೆಂಚರಲ್ಲಿ ‘ಆಂವಿ’ ಎಂಬ ಪದವಿದೆ. ಅದಕ್ಕೆ ಬಯಕೆ ಎಂದರ್ಥ. ಹುಟ್ಟುಮಚ್ಚೆ ಎಂಬ ಅರ್ಥವೂ ಅದಕ್ಕಿದೆ. ಇಟಲಿಯವರ ‘ವೋಲ್ಯಾ’, ಸ್ಪೇನಿನವರ ‘ಆಂತೋಹೊ’ ಎಂಬ ಮಾತುಗಳೂ ಹೀಗೆಯೇ ಎರಡು ಅರ್ಥ ಹೊತ್ತಿವೆ. ಜರ್ಮನ್ ಭಾಷೆಯಲ್ಲಿ ಮಚ್ಚೆಗೆ ‘ಮುಟರ್‌ಮಾಲ್’ ಎನ್ನುತ್ತಾರೆ, ಅಂದರೆ ತಾಯಿಯ ಗುರುತು. ನಾಲ್ಕೂ ಭಾಷೆಗಳು ಸೇರಿ ಒಂದೇ ನಂಬಿಕೆಯನ್ನು ಕಾಪಿಟ್ಟುಕೊಂಡಿವೆ: ಬಸುರಿ ಏನನ್ನೋ ಬಯಸಿದಳು, ಅದು ಸಿಗಲಿಲ್ಲ, ಬಯಕೆ ಮಗುವಿನ ಮೈಮೇಲೆ ಅಚ್ಚಾಯಿತು. ಮಗುವಿನ ಕೆನ್ನೆಯ ಮೇಲೆ ಉಬ್ಬಿಕೊಂಡಿರುವ, ಕಾಳುಕಾಳಾದ ಮೈಯುಳ್ಳ ಕಡುಗೆಂಪು ಗುರುತನ್ನು ಕಂಡವರಿಗೆ ತಾಯಿ ಯಾವ ಹಣ್ಣಿಗೆ ಆಸೆಪಟ್ಟಿದ್ದಳೆಂದು ಹೇಳುವುದು ಕಷ್ಟವಾಗಲಿಲ್ಲ. ಸ್ಟ್ರಾಬೆರಿ ಮಚ್ಚೆ ಎಂಬ ಹೆಸರು ಹೋಲಿಕೆಯಿಂದ ಬಂದದ್ದು ನಿಜ. ಆದರೆ ಆ ಹೋಲಿಕೆಯ ಹಿಂದೆ ಒಂದು ಆರೋಪವೂ ಅಡಗಿತ್ತು.

ನಾವೇನೂ ಇದರಿಂದ ಹೊರಗಿನವರಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭಿಣಿಯನ್ನು ಎರಡು ಹೃದಯದವಳು ಎಂದು ಕರೆದು, ಅವಳ ಬಯಕೆಯನ್ನು ಕಡೆಗಣಿಸಿದರೆ ಮಗು ಗೂನು, ಕುಂಟು ಅಥವಾ ಕಣ್ಣಿನ ದೋಷದೊಡನೆ ಹುಟ್ಟುತ್ತದೆ ಎಂದು ಹೇಳಲಾಗಿದೆ. ಗ್ರಹಣದ ಹೊತ್ತಿನಲ್ಲಿ ಬಸುರಿ ಕತ್ತರಿ ಹಿಡಿಯಬಾರದು, ಹಿಡಿದರೆ ಮಗುವಿನ ತುಟಿ ಸೀಳುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಬಯಕೆ ತೀರಿಸಬೇಕು ಎಂಬ ನಂಬಿಕೆಯಿಂದ ಬಸುರಿಗೆ ನಾಲ್ಕು ದಿನ ಒಳ್ಳೆಯ ಊಟ ಸಿಕ್ಕಿತು ಎನ್ನಬಹುದು. ಆದರೆ ಮಗುವಿನ ಮೈಮೇಲೆ ಏನಾದರೂ ಕಂಡಾಗ ಲೆಕ್ಕ ಒಪ್ಪಿಸಬೇಕಾದವಳೂ ಅವಳೇ ಆದಳು.

ಯೂರೋಪಿನಲ್ಲಿ ಈ ಲೆಕ್ಕವನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಬ್ಲಾಂಡೆಲ್ ಒಬ್ಬ. 1726ರಲ್ಲಿ ಇಂಗ್ಲೆಂಡಿನ ಮೇರಿ ಟಾಫ್ಟ್ ಎಂಬ ಹೆಂಗಸು ತಾನು ಮೊಲಗಳನ್ನು ಹೆತ್ತೆನೆಂದು ಹೇಳಿ, ರಾಜನ ವೈದ್ಯರನ್ನೂ ಕೆಲಕಾಲ ನಂಬಿಸಿ, ಕೊನೆಗೆ ಮೋಸ ಒಪ್ಪಿಕೊಂಡಿದ್ದಳು. ಬಸಿರಿನಲ್ಲಿ ಮೊಲಗಳನ್ನು ಕಂಡು ಅವುಗಳಿಗಾಗಿ ಹಂಬಲಿಸಿದ್ದೇ ಕಾರಣ ಎಂದು ಅವಳು ಹೇಳಿದಾಗ ಅದನ್ನು ನಂಬಲು ಓದಿದವರೂ ಸಿದ್ಧರಿದ್ದರು. ಮರುವರ್ಷ ಬ್ಲಾಂಡೆಲ್, ತಾಯಿಯ ಕಲ್ಪನೆಗೆ ಗರ್ಭದ ಮೇಲೆ ಗುರುತು ಮೂಡಿಸುವ ಶಕ್ತಿಯಿಲ್ಲ ಎಂದು ವಾದಿಸುವ ಪುಸ್ತಕ ಬರೆದ. ಡೇನಿಯಲ್ ಟರ್ನರ್ ಎಂಬ ಚರ್ಮರೋಗದ ವೈದ್ಯ ಹಳೆಯ ನಂಬಿಕೆಯ ಪರ ನಿಂತ. ಇಬ್ಬರ ನಡುವೆ ದೊಡ್ಡ ಕಾಗದದ ಜಗಳವೇ ನಡೆಯಿತು.

ಆ ಜಗಳಕ್ಕೆ ಅತ್ಯುತ್ತಮ ಸಾಕ್ಷಿಯಾಗಬಹುದಾಗಿದ್ದುದು ಸ್ಟ್ರಾಬೆರಿ ಮಚ್ಚೆಯೇ. ಏಕೆಂದರೆ ಮಗು ಹುಟ್ಟುವಾಗ ಅದು ಸಾಮಾನ್ಯವಾಗಿ ಇರುವುದೇ ಇಲ್ಲ. ಹುಟ್ಟಿದ ದಿನ ಆ ಜಾಗದಲ್ಲಿ ಬಿಳಿಚಿದ ಒಂದು ಕಲೆಯೋ, ಎಳೆಎಳೆಯಾಗಿ ಕೆಂಪು ಗೆರೆಗಳೋ, ತರಚಿದಂಥ ಗುರುತೋ ಕಂಡರೆ ಹೆಚ್ಚು. ಎಷ್ಟೋ ಮಕ್ಕಳಲ್ಲಿ ಅದೂ ಇರುವುದಿಲ್ಲ. ಎರಡನೆಯ, ಮೂರನೆಯ ವಾರದ ಹೊತ್ತಿಗೆ ಅದು ಕೆಂಪಾಗಿ, ಉಬ್ಬಿ, ಮನೆಯವರ ಕಣ್ಣಿಗೆ ಬೀಳುತ್ತದೆ. ಬಳಿಕ ದಿನದಿನಕ್ಕೂ ಬೆಳೆಯುತ್ತದೆ. ಹುಟ್ಟುಮಚ್ಚೆ ಎಂದು ಕರೆದರೂ ಹುಟ್ಟಿನ ಮಚ್ಚೆಯಲ್ಲದ, ಹುಟ್ಟಿದ ಮೇಲೆ ಬೆಳೆದು ಆಮೇಲೆ ತಾನಾಗಿಯೇ ಅಳಿದುಹೋಗುವ ಈ ವಿಚಿತ್ರ ಗಡ್ಡೆಗೆ ವೈದ್ಯರು ಇಟ್ಟಿರುವ ಹೆಸರು ಶೈಶವದ ಹೆಮಾಂಜಿಯೋಮ. ನೂರು ಮಕ್ಕಳಲ್ಲಿ ನಾಲ್ಕೈದು ಮಕ್ಕಳಿಗೆ ಇದು ಬರುತ್ತದೆ. ಹೆಣ್ಣುಮಕ್ಕಳಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದವರಲ್ಲಿ, ತೂಕ ಕಡಿಮೆಯಿದ್ದವರಲ್ಲಿ, ಅವಳಿಗಳಲ್ಲಿ ಹೆಚ್ಚು.

ಹತ್ತೊಂಬತ್ತನೆಯ ಶತಮಾನದ ಶಸ್ತ್ರವೈದ್ಯರು ಬಯಕೆಯ ಕಥೆಯನ್ನು ಬದಿಗಿಟ್ಟು ರಕ್ತನಾಳಗಳ ಕಡೆಗೆ ತಿರುಗಿದರು. ಎಡಿನ್‌ಬರೋದ ಜಾನ್ ಬೆಲ್ 1801ರಲ್ಲಿ ಇಂಥ ಗಡ್ಡೆಗಳು ಸಣ್ಣ ರಕ್ತನಾಳಗಳ ಗೋಜಲು ಎಂದು ಬರೆದ. 1860ರ ದಶಕದಲ್ಲಿ ಬರ್ಲಿನ್ನಿನ ರುಡಾಲ್ಫ್ ವಿರ್ಖೋ ಸೂಕ್ಷ್ಮದರ್ಶಕದಲ್ಲಿ ನೋಡಿ, ನಾಳಗಳ ಆಕಾರವನ್ನು ಅನುಸರಿಸಿ ಇವನ್ನು ಗುಂಪು ಮಾಡಿದ. ಅದರಿಂದ ಒಂದು ತೊಂದರೆಯೂ ಆಯಿತು. ತಾನಾಗಿ ಅಳಿಯುವ ಮಚ್ಚೆ, ಜೀವಮಾನವಿಡೀ ಉಳಿಯುವ ಮಚ್ಚೆ ಎರಡೂ ಒಂದೇ ಚೀಲದೊಳಗೆ ಬಿದ್ದವು. ಮುಂದಿನ ನೂರಿಪ್ಪತ್ತು ವರ್ಷ ಈ ಗೊಂದಲ ಬಿಡಲಿಲ್ಲ.

ಗಡ್ಡೆ ಎಂದ ಮೇಲೆ ಅದನ್ನು ತೆಗೆಯಬೇಕಲ್ಲ! ದಾರದಿಂದ ಬಿಗಿದು ಕಟ್ಟಿದರು, ಕಾಯಿಸಿದ ಸೂಜಿ ಚುಚ್ಚಿದರು, ನೈಟ್ರಿಕ್ ಆಮ್ಲ ಸವರಿದರು, ವಿದ್ಯುತ್ ಹರಿಸಿದರು. ಸಿಡುಬಿಗೆ ಲಸಿಕೆ ಹಾಕುವ ರೂಢಿ ಬಂದ ಮೇಲೆ ಆ ಲಸಿಕೆಯನ್ನು ಮಚ್ಚೆಯ ಮೇಲೆಯೇ ಹಾಕುವ ಉಪಾಯವೂ ಹುಟ್ಟಿತು. ಲಸಿಕೆಯ ಹುಣ್ಣು ಮಾಯುವಾಗ ಮಚ್ಚೆಯನ್ನೂ ಕಲೆಯಾಗಿಸಿ ಒಣಗಿಸುತ್ತದೆ, ಒಂದೇ ಗಾಯಕ್ಕೆ ಎರಡು ಕೆಲಸ ಎಂಬ ಲೆಕ್ಕಾಚಾರ. 1907ರಲ್ಲಿ ಷಿಕಾಗೋದ ವಿಲಿಯಂ ಪ್ಯೂಸಿ ಇಂಗಾಲದ ಡೈಆಕ್ಸೈಡನ್ನು ಹೆಪ್ಪುಗಟ್ಟಿಸಿ, ಆ ಹಿಮದ ಕಡ್ಡಿಯನ್ನು ಮಚ್ಚೆಗೆ ಒತ್ತಿ ಹಿಡಿಯುವ ವಿಧಾನ ತಂದ. ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ವಿಕಮ್ ಮತ್ತು ಡೆಗ್ರೆ ಎಂಬ ವೈದ್ಯರು ರೇಡಿಯಂ ಲೇಪಿಸಿದ ಚಪ್ಪಟೆ ಫಲಕಗಳನ್ನು ಮಚ್ಚೆಯ ಮೇಲಿಟ್ಟು ನೋಡಿದರು. ರಕ್ತವಿಲ್ಲ, ಚಾಕುವಿಲ್ಲ, ಮಗು ಅಳುವುದೂ ಇಲ್ಲ. ಕೆಲವು ತಿಂಗಳಲ್ಲಿ ಮಚ್ಚೆ ಕುಗ್ಗುತ್ತಿತ್ತು. ರೇಡಿಯಂ ಆಗ ಪವಾಡದ ವಸ್ತುವಾಗಿತ್ತು. ಪವಾಡ ಕಣ್ಣೆದುರೇ ನಡೆಯುತ್ತಿರುವಾಗ ಅನುಮಾನಿಸುವವರು ಯಾರು?

ಇಲ್ಲಿ ಓದುಗರು ಸ್ವಲ್ಪ ನಿಂತು ಒಂದು ಲೆಕ್ಕ ನೋಡಬೇಕು. ಮಚ್ಚೆ ಅತಿ ವೇಗವಾಗಿ ಬೆಳೆಯುವುದು ಮೊದಲ ಎರಡು ಮೂರು ತಿಂಗಳಲ್ಲಿ. ಅಪ್ಪ ಅಮ್ಮ ಗಾಬರಿಯಾಗಿ ವೈದ್ಯರ ಬಳಿ ಓಡುವುದೂ ಆಗಲೇ. ಚಿಕಿತ್ಸೆ ಶುರುವಾಗಿ, ಎರಡು ಮೂರು ಸಲ ನಡೆಯುವಷ್ಟರಲ್ಲಿ ಮಗುವಿಗೆ ಆರೇಳು ತಿಂಗಳಾಗಿರುತ್ತದೆ. ಬೆಳವಣಿಗೆ ಹೇಗೂ ನಿಲ್ಲುವ ಕಾಲವದು. ವರ್ಷ ತುಂಬಿದ ಮೇಲೆ ಬಣ್ಣ ಹೇಗೂ ಬಾಡುತ್ತದೆ. ಆ ನಡುವೆ ಮಗುವಿಗೆ ಏನು ಮಾಡಿದ್ದರೂ ಅದು ಫಲಿಸಿದಂತೆಯೇ ಕಾಣುತ್ತದೆ. ಆಮ್ಲ ಹಾಕಿದವನಿಗೆ ಆಮ್ಲದ ಮೇಲೆ, ಲಸಿಕೆ ಹಾಕಿದವನಿಗೆ ಲಸಿಕೆಯ ಮೇಲೆ, ತಾಯತ ಕಟ್ಟಿದವನಿಗೆ ತಾಯತದ ಮೇಲೆ ನಂಬಿಕೆ ಬಲಿಯುತ್ತದೆ. ಚಿಕಿತ್ಸೆಯೇ ಇಲ್ಲದ ಮಕ್ಕಳನ್ನು ವರ್ಷಗಟ್ಟಲೆ ಯಾರಾದರೂ ನೋಡಿದ ಹೊರತು ಈ ಭ್ರಮೆ ಒಡೆಯುವಂತಿರಲಿಲ್ಲ.

ಆ ಕೆಲಸ ಮಾಡಿದವನು ಇಂಗ್ಲೆಂಡಿನ ವೈದ್ಯ ಡಬ್ಲ್ಯು. ಎ. ಲಿಸ್ಟರ್. ಶಸ್ತ್ರಚಿಕಿತ್ಸೆಗೆ ಕ್ರಿಮಿನಾಶಕ ತಂದ ಪ್ರಸಿದ್ಧ ಲಿಸ್ಟರ್ ಬೇರೆ, ಇವನು ಬೇರೆ. 77 ಮಕ್ಕಳ, ತೊಂಬತ್ತಕ್ಕೂ ಹೆಚ್ಚು ಮಚ್ಚೆಗಳನ್ನು ಅವನು ಮುಟ್ಟದೆ ಬಿಟ್ಟು ವರ್ಷಾನುಗಟ್ಟಲೆ ಗಮನಿಸಿದ. 1938ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅವನ ಬರಹದ ಸಾರ ಇಷ್ಟು: ಮೊದಲ ತಿಂಗಳುಗಳಲ್ಲಿ ವೇಗವಾಗಿ ಬೆಳೆದ ಮಚ್ಚೆಗಳೆಲ್ಲ ಆಮೇಲೆ ಹಿಂದೆ ಸರಿದವು, ಸರಾಸರಿ ಐದನೆಯ ವರ್ಷದ ಹೊತ್ತಿಗೆ ತಾವಾಗಿಯೇ ಮಾಯವಾದವು. ಏನನ್ನೂ ಮಾಡದೆ ನೋಡುತ್ತಾ ಕೂರುವುದು ವೈದ್ಯನಿಗೆ ಬಹಳ ಕಷ್ಟದ ಕೆಲಸ. ಅದರಲ್ಲೂ ಎದುರಿಗೆ ತಾಯಿ ಕುಳಿತು, ಹೋದ ವಾರ ಅಷ್ಟಿತ್ತು ಈ ವಾರ ಇಷ್ಟಾಗಿದೆ ಎನ್ನುವಾಗ. ನನ್ನ ಮಟ್ಟಿಗೆ ಈ ಮಚ್ಚೆಯ ಚರಿತ್ರೆಯಲ್ಲಿ ಅತ್ಯಂತ ಧೈರ್ಯದ ಕೆಲಸವೆಂದರೆ ಲಿಸ್ಟರನ ಈ ಸುಮ್ಮನಿರುವಿಕೆ.

ಆದರೆ ಒಂದು ಬರಹದಿಂದ ಆಸ್ಪತ್ರೆಗಳ ರೂಢಿ ಬದಲಾಗುವುದಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 1910ರಲ್ಲಿ ಆರಂಭವಾಗಿದ್ದ ರೇಡಿಯಂಹೆಮೆಟ್ ಎಂಬ ಸಂಸ್ಥೆ ವಿಕಿರಣ ಚಿಕಿತ್ಸೆಗೆ ಜಗತ್ತಿಗೇ ಮಾದರಿಯಾಗಿತ್ತು. ಅಲ್ಲಿ 1920ರಿಂದ 1959ರವರೆಗೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಕೂಸುಗಳಿಗೆ ಈ ಮಚ್ಚೆಗಾಗಿ ವಿಕಿರಣ ಕೊಡಲಾಯಿತು. ಹೆಚ್ಚಿನವರಿಗೆ ಬಳಸಿದ್ದು ರೇಡಿಯಂ. ಗೋಥೆನ್‌ಬರ್ಗ್ ನಗರದಲ್ಲೂ ಇದೇ ಚಿಕಿತ್ಸೆ 1965ರವರೆಗೆ ನಡೆಯಿತು. ಲಿಸ್ಟರನ ಬರಹ ಬಂದು ಎರಡು ದಶಕ ಕಳೆದರೂ ನಿಲ್ಲಲಿಲ್ಲ. ಇದನ್ನು ಮಾಡಿದವರು ಅಳಲೆಕಾಯಿ ಪಂಡಿತರಲ್ಲ, ಆ ಕಾಲದ ಅತ್ಯಂತ ಶಿಸ್ತಿನ ವೈದ್ಯರು. ಯಾವ ಮಗುವಿಗೆ ಯಾವ ಜಾಗದಲ್ಲಿ ಎಷ್ಟು ವಿಕಿರಣ ಕೊಟ್ಟೆವು ಎಂದು ಒಂದೊಂದು ಚೀಟಿಯಲ್ಲೂ ಬರೆದಿಟ್ಟರು. ಆ ಶಿಸ್ತೇ ಮುಂದೆ ಅವರ ಚಿಕಿತ್ಸೆಯ ವಿರುದ್ಧ ಸಾಕ್ಷಿ ಹೇಳಿತು.

ಸ್ವೀಡನ್ನಿನ ಸಂಶೋಧಕರು ಆ ಚೀಟಿಗಳನ್ನು ಹಿಡಿದು, ದೇಶದ ಕ್ಯಾನ್ಸರ್ ದಾಖಲೆಗಳ ಜೊತೆ ಇಟ್ಟು ನೋಡಿದರು. ಎದೆಯ ಭಾಗಕ್ಕೆ ವಿಕಿರಣ ತಾಗಿದ್ದ ಹೆಣ್ಣುಮಕ್ಕಳು ದೊಡ್ಡವರಾದಾಗ, ತಾಗಿದ ಪ್ರಮಾಣ ಏರಿದಂತೆ ಸ್ತನ ಕ್ಯಾನ್ಸರಿನ ಅಪಾಯವೂ ಏರಿತ್ತು. 2004ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಇನ್ನೊಂದು ಅಧ್ಯಯನ ಬಂತು. 1930ರಿಂದ 1959ರ ನಡುವೆ, ಒಂದೂವರೆ ವರ್ಷ ತುಂಬುವ ಮೊದಲೇ ಮಚ್ಚೆಗೆ ವಿಕಿರಣ ಪಡೆದಿದ್ದ 3094 ಗಂಡುಮಕ್ಕಳನ್ನು ಅದರಲ್ಲಿ ಪರಿಶೀಲಿಸಿದ್ದರು. ಸ್ವೀಡನ್ನಿನಲ್ಲಿ ಹದಿನೆಂಟು ಹತ್ತೊಂಬತ್ತನೆಯ ವಯಸ್ಸಿಗೆ ಸೇನೆಗೆ ಸೇರಿಸುವ ಮುನ್ನ ಬುದ್ಧಿಶಕ್ತಿಯ ಪರೀಕ್ಷೆ ಮಾಡುತ್ತಿದ್ದರು. ಆ ಅಂಕಗಳೂ ದಾಖಲೆಯಲ್ಲಿ ಇದ್ದವು. ಮುಖ, ತಲೆಯ ಮೇಲಿನ ಮಚ್ಚೆಗೆ ಇಟ್ಟ ರೇಡಿಯಂ ಮೆದುಳಿಗೂ ಸ್ವಲ್ಪ ತಾಗಿತ್ತು. ಮೆದುಳಿನ ಮುಂಭಾಗಕ್ಕೆ ವಿಕಿರಣ ತಾಗದವರಲ್ಲಿ ನೂರಕ್ಕೆ ಸುಮಾರು 32 ಮಂದಿ ಹೈಸ್ಕೂಲಿಗೆ ಹೋಗಿದ್ದರು. ಅತಿ ಹೆಚ್ಚು ತಾಗಿದವರಲ್ಲಿ ಆ ಸಂಖ್ಯೆ 17ಕ್ಕೆ ಇಳಿದಿತ್ತು. ಹೇಗೂ ಐದಾರು ವರ್ಷದಲ್ಲಿ ಹೋಗಿಬಿಡುತ್ತಿದ್ದ ಒಂದು ಕೆಂಪು ಗುರುತಿಗಾಗಿ ತೆತ್ತ ಬೆಲೆ ಇದು.

ಹಾಗಾದರೆ ಅದು ಬೆಳೆಯುವುದೇಕೆ, ಬಾಡುವುದೇಕೆ? ಉತ್ತರದ ಮೊದಲ ಗಟ್ಟಿ ತುಣುಕು ಸಿಕ್ಕಿದ್ದು 1982ರಲ್ಲಿ. ಬೋಸ್ಟನ್ನಿನ ಜಾನ್ ಮಲಿಕನ್ ಮತ್ತು ಜೂಲಿ ಗ್ಲೋವಾಕಿ ಹಳೆಯ ಚೀಲವನ್ನು ಬಿಚ್ಚಿ ಎರಡು ರಾಶಿ ಮಾಡಿದರು. ಒಂದರಲ್ಲಿ ರಕ್ತನಾಳದ ಒಳಗೋಡೆಯ ಜೀವಕೋಶಗಳು ಬಿರುಸಾಗಿ ಒಡೆದು ಹೆಚ್ಚುತ್ತಿದ್ದವು. ಅದು ನಿಜವಾದ ಹೆಮಾಂಜಿಯೋಮ. ಇನ್ನೊಂದರಲ್ಲಿ ಜೀವಕೋಶಗಳು ಸುಮ್ಮನಿದ್ದವು, ನಾಳಗಳ ಕಟ್ಟಡವೇ ಸೊಟ್ಟಗಾಗಿತ್ತು. ಮುಖದ ಮೇಲೆ ಚೆಲ್ಲಿದ ದ್ರಾಕ್ಷಾರಸದಂತೆ ಹರಡಿ, ಚಪ್ಪಟೆಯಾಗಿ, ಹುಟ್ಟಿನಿಂದಲೇ ಪೂರ್ಣವಾಗಿ ಇರುವ ‘ಪೋರ್ಟ್ ವೈನ್’ ಮಚ್ಚೆ ಈ ಎರಡನೆಯ ರಾಶಿಗೆ ಸೇರಿದ್ದು. ಅದು ಮಗುವಿನ ಜೊತೆಗೇ ಬೆಳೆಯುತ್ತದೆ, ತಾನಾಗಿ ಹೋಗುವುದಿಲ್ಲ. ಮನೆಯವರು ಈ ವ್ಯತ್ಯಾಸವನ್ನು ಗುರುತಿಸಲು ಒಂದು ಪ್ರಶ್ನೆ ಬಹಳ ನೆರವಾಗುತ್ತದೆ: ಹುಟ್ಟಿದ ದಿನವೇ ಅದು ಇದೇ ಗಾತ್ರದಲ್ಲಿ ಇತ್ತೇ, ಆಮೇಲೆ ಬೆಳೆಯಿತೇ?

2000ದಲ್ಲಿ ಅಮೆರಿಕದ ಪೌಲಾ ನಾರ್ತ್ ಮತ್ತು ಸಂಗಡಿಗರು ಇನ್ನೂ ಸೊಗಸಾದ ಸಂಗತಿಯೊಂದನ್ನು ಕಂಡರು. ಸ್ಟ್ರಾಬೆರಿ ಮಚ್ಚೆಯ ನಾಳಗಳ ಕೋಶಗಳಲ್ಲಿ ಸಕ್ಕರೆಯನ್ನು ಒಳಗೆ ಸಾಗಿಸುವ ‘ಗ್ಲುಟ್-1’ ಎಂಬ ಪ್ರೋಟೀನ್ ಇತ್ತು. ಚರ್ಮದ ಮಾಮೂಲಿ ರಕ್ತನಾಳಗಳಲ್ಲಿ ಅದು ಇರುವುದಿಲ್ಲ. ಇರುವುದು ಮೆದುಳಿನ ಸಣ್ಣ ನಾಳಗಳಲ್ಲಿ ಮತ್ತು ಮಾಸಿನಲ್ಲಿ. ಮಾಸಿನ ನಾಳಗಳಲ್ಲಿ ಕಾಣುವ ಇನ್ನೂ ಕೆಲವು ಗುರುತುಗಳು ಮಚ್ಚೆಯಲ್ಲೂ ಸಿಕ್ಕವು. ಮಾಸಿನಿಂದ ಹರಿದುಬಂದ ಕೋಶವೊಂದು ಮಗುವಿನ ಚರ್ಮದಲ್ಲಿ ಬೇರೂರಿತೇ ಎಂಬ ಊಹೆ ಹುಟ್ಟಿದ್ದು ಇದರಿಂದ. ತಾಯಿಯ ಬಯಕೆಗೂ ಮಚ್ಚೆಗೂ ನಂಟಿಲ್ಲ, ತಾಯಿ ಮಗುವಿನ ನಡುವಿದ್ದ ಮಾಸಿಗೂ ಮಚ್ಚೆಗೂ ಏನೋ ಹೋಲಿಕೆಯಿದೆ! ಆದರೆ ಊಹೆ ಊಹೆಯೇ. ಹೆಚ್ಚು ಒಪ್ಪಿತವಾಗಿರುವ ವಿವರಣೆ ಇನ್ನೊಂದು. ಗರ್ಭದಲ್ಲಿ ಅಥವಾ ಹುಟ್ಟುವ ಹೊತ್ತಿನಲ್ಲಿ ಅಂಗಾಂಶದ ಒಂದು ತುಂಡಿಗೆ ಆಮ್ಲಜನಕ ಸಾಲದೆ ಹೋಗುತ್ತದೆ. ಮೊದಲ ದಿನಗಳಲ್ಲಿ ಕಾಣುವ ಬಿಳಿಚಿದ ಕಲೆ ಬಹುಶಃ ಅದರದೇ ಗುರುತು. ಉಸಿರು ಸಾಲದ ಅಂಗಾಂಶ ಹೊಸ ರಕ್ತನಾಳ ಬೇಕೆಂದು ರಾಸಾಯನಿಕ ಕರೆ ಕಳಿಸುತ್ತದೆ. ಅಲ್ಲಿ ಇನ್ನೂ ಎಳೆಯದಾದ, ಹಲವು ಬಗೆಯ ಕೋಶಗಳಾಗಿ ಮಾರ್ಪಡಬಲ್ಲ ಮೂಲಕೋಶಗಳಿದ್ದರೆ ಅವು ಆ ಕರೆಗೆ ಅತಿಯಾಗಿ ಓಗೊಟ್ಟು ನಾಳಗಳನ್ನು ಕಟ್ಟುತ್ತಲೇ ಹೋಗುತ್ತವೆ. ದಿನ ತುಂಬದೆ ಹುಟ್ಟಿದವರಲ್ಲಿ, ಮಾಸಿನ ತೊಂದರೆ ಇದ್ದವರಲ್ಲಿ ಮಚ್ಚೆ ಹೆಚ್ಚಾಗಿ ಕಾಣುವುದು ಈ ವಿವರಣೆಗೆ ಹೊಂದುತ್ತದೆ.

ಬಾಡುವುದೂ ಅದೇ ಕೋಶಗಳ ಕಥೆಯ ಇನ್ನೊಂದು ಭಾಗ. ಮೊದಲ ವರ್ಷದ ಕೊನೆಗೆ ಕರೆ ತಗ್ಗುತ್ತದೆ. ನಾಳಗಳ ಕೋಶಗಳು ಒಂದೊಂದಾಗಿ, ಗದ್ದಲವಿಲ್ಲದೆ, ತಮ್ಮನ್ನು ತಾವೇ ಕೊನೆಗೊಳಿಸಿಕೊಳ್ಳುತ್ತವೆ. ಉಳಿದ ಮೂಲಕೋಶಗಳು ಕೊಬ್ಬಿನ ಕೋಶಗಳಾಗುತ್ತವೆ. ಹೊರಗಿನಿಂದ ನೋಡುವವರಿಗೆ ಮಚ್ಚೆಯ ನಡುಭಾಗ ಮೊದಲು ಬೂದು ಬಣ್ಣಕ್ಕೆ ತಿರುಗುತ್ತದೆ, ಮುಟ್ಟಿದರೆ ಮೊದಲಿನ ಬಿಗಿಯಿರುವುದಿಲ್ಲ. ಹಳೆಯ ಲೆಕ್ಕವೊಂದಿದೆ: ಐದು ವರ್ಷಕ್ಕೆ ನೂರಕ್ಕೆ ಐವತ್ತು, ಏಳಕ್ಕೆ ಎಪ್ಪತ್ತು, ಒಂಬತ್ತಕ್ಕೆ ತೊಂಬತ್ತು ಮಚ್ಚೆಗಳು ಅಡಗಿರುತ್ತವೆ ಎಂದು. ನೆನಪಿಡಲು ಸುಲಭ, ಆದರೆ ಮೋಸಗೊಳಿಸುವ ಲೆಕ್ಕ. ಅಡಗುವುದೆಂದರೆ ಗಡ್ಡೆ ಮುದುಡುವುದು, ಚರ್ಮ ಮೊದಲಿನಂತಾಗುವುದಲ್ಲ. ಉಬ್ಬಿ ಎಳೆದಾಡಿದ ಚರ್ಮ ಸಡಿಲವಾಗಿ ಸುಕ್ಕುಗಟ್ಟಿ ಉಳಿಯಬಹುದು, ಒಳಗೆ ಕೊಬ್ಬಿನ ಮೆತ್ತೆ ನಿಲ್ಲಬಹುದು, ಸಣ್ಣ ಕೆಂಪು ಎಳೆಗಳು ಕಾಣಬಹುದು.

ಲಿಸ್ಟರನ ಮಾತು ಕ್ರಮೇಣ ಗೆದ್ದಿತು. ಗೆದ್ದ ಮೇಲೆ ಅದೂ ಒಂದು ಮಂತ್ರವಾಯಿತು. ‘ತಾನಾಗಿ ಹೋಗುತ್ತೆ ಕಣಮ್ಮ, ಸುಮ್ಮನಿರಿ’ ಎಂಬ ಮಾತು ಬಹುಪಾಲು ಮಕ್ಕಳ ಮಟ್ಟಿಗೆ ಇಂದಿಗೂ ಸರಿ. ಬೆನ್ನಿನ ಮೇಲೆ, ತೋಳಿನ ಮೇಲೆ ಕಡಲೆಬೀಜದಷ್ಟು ಇರುವ ಮಚ್ಚೆಗೆ ಬೇರೇನೂ ಬೇಕಿಲ್ಲ. ಆದರೆ ಅದೇ ಮಚ್ಚೆ ಮೇಲ್ರೆಪ್ಪೆಯ ಮೇಲೆ ಇದ್ದರೆ? ಎರಡನೆಯ ವಾರದಲ್ಲಿ ಸಾಸಿವೆಯಷ್ಟಿದ್ದುದು ಎಂಟನೆಯ ವಾರಕ್ಕೆ ಬಟಾಣಿಯಷ್ಟಾಗಿ ರೆಪ್ಪೆಯನ್ನು ಜಗ್ಗುತ್ತದೆ, ಕಣ್ಣುಗುಡ್ಡೆಯನ್ನು ಒತ್ತುತ್ತದೆ. ಒತ್ತಿದ ಗುಡ್ಡೆಯ ಆಕಾರ ಬದಲಾಗಿ ನೋಟ ಮಸುಕಾಗುತ್ತದೆ. ಮೆದುಳು ನೋಡಲು ಕಲಿಯುವುದು ಆ ತಿಂಗಳುಗಳಲ್ಲೇ. ಮಸುಕಾದ ಕಣ್ಣಿನ ಮಾತನ್ನು ಅದು ಕೇಳುವುದನ್ನೇ ಬಿಟ್ಟರೆ, ಐದನೆಯ ವರ್ಷಕ್ಕೆ ಮಚ್ಚೆ ಅಡಗಿದರೂ ದೃಷ್ಟಿ ಮರಳದೆ ಹೋಗಬಹುದು. ಗದ್ದ, ದವಡೆಯ ಸುತ್ತ ಗಡ್ಡ ಬೆಳೆಯುವ ಜಾಗದಲ್ಲಿ ಹರಡಿದ ಮಚ್ಚೆಯಿದ್ದರೆ ಗಂಟಲಿನೊಳಗೂ ಒಂದು ಇರಬಹುದು. ಮಗುವಿನ ಉಸಿರಾಟದಲ್ಲಿ ಗೊರಗೊರ ಸದ್ದು, ಒಡಕು ದನಿ ಬಂದರೆ ಕಾಯುವ ಮಾತೇ ಇಲ್ಲ. ತುಟಿ, ಕುತ್ತಿಗೆಯ ಮಡಿಕೆ, ಲಂಗೋಟಿಯ ಜಾಗದಲ್ಲಿರುವವು ಒಡೆದು ಹುಣ್ಣಾಗುತ್ತವೆ. ಬಹಳ ನೋವು, ಮಗು ಹಾಲು ಕುಡಿಯುವುದಿಲ್ಲ, ಮಾದರೆ ಕಲೆ ಶಾಶ್ವತ. ಮೂಗಿನ ತುದಿ, ತುಟಿಯ ಅಂಚಿನಲ್ಲಿರುವವು ಅಡಗಿದ ಮೇಲೂ ಆಕಾರ ಕೆಡಿಸಿ ಹೋಗುತ್ತವೆ. ಮೈಮೇಲೆ ಐದು ಅಥವಾ ಹೆಚ್ಚು ಮಚ್ಚೆಗಳಿದ್ದರೆ ಯಕೃತ್ತಿನಲ್ಲೂ ಇವೆಯೇ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ. ಮುಖದ ಒಂದು ಪಾಲನ್ನೇ ಆವರಿಸಿದ ದೊಡ್ಡ ಮಚ್ಚೆಯಿದ್ದರೆ ಮೆದುಳಿನ ರಕ್ತನಾಳ, ಹೃದಯ, ಕಣ್ಣುಗಳನ್ನು ಪರೀಕ್ಷಿಸುತ್ತಾರೆ.

ಇಂಥ ಮಕ್ಕಳಿಗಾಗಿ 1960ರ ದಶಕದ ಕೊನೆಯಿಂದ ಸ್ಟೀರಾಯ್ಡ್ ಕೊಡುವ ರೂಢಿ ಬಂತು. ಬೆಳವಣಿಗೆ ನಿಲ್ಲುತ್ತಿತ್ತು. ಆದರೆ ಮಗುವಿನ ಮುಖ ಊದುತ್ತಿತ್ತು, ರಕ್ತದೊತ್ತಡ ಏರುತ್ತಿತ್ತು, ಎತ್ತರ ಕುಂಠಿತವಾಗುತ್ತಿತ್ತು. ಆಮೇಲೆ ಬಂದ ಇಂಟರ್‌ಫೆರಾನ್ ಕೆಲವು ಮಕ್ಕಳ ಕಾಲುಗಳನ್ನು ಸೆಟೆದುಕೊಳ್ಳುವಂತೆ ಮಾಡಿತು.

ಮುಂದಿನ ತಿರುವು ಬಂದದ್ದು ಫ್ರಾನ್ಸಿನ ಬೋರ್ಡೋ ನಗರದಲ್ಲಿ, ಆಕಸ್ಮಿಕವಾಗಿ. ಚರ್ಮರೋಗ ತಜ್ಞೆ ಕ್ರಿಸ್ಟೀನ್ ಲಿಯೊಟೆ-ಲಾಬ್ರೆಜ್ ಅವರ ಬಳಿ ಮೂಗಿನ ಮೇಲೆ ಮಚ್ಚೆಯಿದ್ದ ಒಂದು ಮಗು ಇತ್ತು. ಸ್ಟೀರಾಯ್ಡಿನಿಂದ ಮಚ್ಚೆ ಬೆಳೆಯುವುದೇನೋ ನಿಂತಿತ್ತು, ಆದರೆ ಮಗುವಿನ ಹೃದಯದ ಸ್ನಾಯು ದಪ್ಪವಾಗಿ ರಕ್ತದ ಹಾದಿಗೆ ಅಡ್ಡಿಯಾಯಿತು. ಹೃದಯಕ್ಕಾಗಿ ಪ್ರೊಪ್ರನೊಲಾಲ್ ಕೊಟ್ಟರು. ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ರೂಪಿಸಿದ, ಬಿ.ಪಿ.ಗೆ, ಎದೆನೋವಿಗೆ ಜಗತ್ತೆಲ್ಲ ನುಂಗಿದ ಹಳೆಯ ಅಗ್ಗದ ಮಾತ್ರೆ ಅದು. ಮರುದಿನವೇ ಮಚ್ಚೆ ಕಡುಗೆಂಪಿನಿಂದ ನೇರಳೆಗೆ ತಿರುಗಿ, ಮೆತ್ತಗಾಗಿತ್ತು. ಸ್ಟೀರಾಯ್ಡ್ ಇಳಿಸುತ್ತ ಬಂದು ನಿಲ್ಲಿಸಿದರೂ ಮತ್ತೆ ಬೆಳೆಯಲಿಲ್ಲ. ಹದಿನಾಲ್ಕನೆಯ ತಿಂಗಳಿಗೆ ಪೂರ್ತಿ ಚಪ್ಪಟೆಯಾಯಿತು. ಇನ್ನೊಂದು ಮಗುವಿನ ಮಚ್ಚೆ ಒಂದು ತೋಳನ್ನೂ ಮುಖದ ಭಾಗವನ್ನೂ ಆವರಿಸಿ ಕಣ್ಣು ತೆರೆಯದಂತೆ ಮಾಡಿತ್ತು, ಕುತ್ತಿಗೆಯೊಳಗೆ ಶ್ವಾಸನಾಳವನ್ನು ಒತ್ತುತ್ತಿತ್ತು. ಅದರ ಹೃದಯಕ್ಕೂ ಹೊರೆ ಹೆಚ್ಚಾಗಿದ್ದರಿಂದ ಇದೇ ಔಷಧ ಕೊಟ್ಟರು. ಏಳು ದಿನಕ್ಕೆ ಮಗು ತಾನಾಗಿ ಕಣ್ಣು ತೆರೆಯಿತು. ಆಮೇಲೆ ಇನ್ನೂ ಒಂಬತ್ತು ಮಕ್ಕಳಿಗೆ, ಈ ಸಲ ಮಚ್ಚೆಗೆಂದೇ ಕೊಟ್ಟು ನೋಡಿದರು. 2008ರ ಜೂನ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಇದು ಪುಟ್ಟ ಪತ್ರವಾಗಿ ಬಂತು. ಆ ಮಾತ್ರೆಯನ್ನು ನಾಲ್ಕು ದಶಕಗಳಿಂದ ಕೊಡುತ್ತಿದ್ದ ಹೃದಯ ವೈದ್ಯರಿಗೆ ಇದು ಕಂಡಿರಲಿಲ್ಲ, ಅವರು ನೋಡುತ್ತಿದ್ದುದು ಹೃದಯವನ್ನು.

ರೇಡಿಯಂನ ಭ್ರಮೆಯನ್ನು ಕಂಡಿರುವ ನಾವು ಇಲ್ಲಿ ಅನುಮಾನಿಸಬೇಕು: ಇದೂ ತಾನಾಗಿ ಹೋಗುವುದನ್ನು ಔಷಧದ ಖಾತೆಗೆ ಬರೆದುಕೊಂಡದ್ದಲ್ಲವೇ? ಮರುದಿನದ ಬಣ್ಣ ಬದಲಾವಣೆ ಬಲವಾದ ಸುಳಿವು, ಬೆಳೆಯುವ ತಿಂಗಳಲ್ಲಿ ಮಚ್ಚೆ ಹಾಗೆ ಹಿಂದೆಗೆಯುವುದಿಲ್ಲ. ಆದರೂ ಸುಳಿವು ಸಾಲದು. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಐದು ವಾರದಿಂದ ಐದು ತಿಂಗಳವರೆಗಿನ 456 ಕೂಸುಗಳಲ್ಲಿ ಕೆಲವರಿಗೆ ಔಷಧ, ಕೆಲವರಿಗೆ ಔಷಧವಿಲ್ಲದ ಹುಸಿ ದ್ರಾವಣ ಕೊಟ್ಟರು. ಪೂರ್ಣ ಪ್ರಮಾಣದಲ್ಲಿ ಆರು ತಿಂಗಳು ಔಷಧ ಪಡೆದವರಲ್ಲಿ ನೂರಕ್ಕೆ 60 ಮಕ್ಕಳ ಮಚ್ಚೆ ಪೂರ್ತಿ ಅಥವಾ ಬಹುತೇಕ ಹೋಯಿತು. ಹುಸಿ ದ್ರಾವಣದವರಲ್ಲಿ ಹೋದದ್ದು ನೂರಕ್ಕೆ 4. ಲಿಸ್ಟರ್ ಶುರುಮಾಡಿದ ಹೋಲಿಕೆ ಈಗ ಪೂರ್ಣವಾಯಿತು.

ಕೊಡುವ ಕ್ರಮ ಹೀಗಿರುತ್ತದೆ. ಐದು ಕಿಲೋ ತೂಕದ ಮಗು ಎಂದುಕೊಳ್ಳಿ. ಆ ಪ್ರಯೋಗದಲ್ಲಿ ಮೊದಲ ವಾರ ಕಿಲೋಗೆ ಒಂದು ಮಿಲಿಗ್ರಾಂ, ಅಂದರೆ ದಿನಕ್ಕೆ 5 ಮಿಲಿಗ್ರಾಂ, ಎರಡು ಪಾಲು ಮಾಡಿ. ಎರಡನೆಯ ವಾರ 10, ಮೂರನೆಯ ವಾರದಿಂದ 15. ಎಷ್ಟೋ ವೈದ್ಯರು ಕಿಲೋಗೆ ಎರಡು ಮಿಲಿಗ್ರಾಂಗೇ ನಿಲ್ಲಿಸುತ್ತಾರೆ. ಮೊದಲ ಸಲ ಕೊಟ್ಟಾಗ ಮತ್ತು ಪ್ರಮಾಣ ಏರಿಸಿದಾಗಲೆಲ್ಲ ಎರಡು ಗಂಟೆ ಮಗುವಿನ ನಾಡಿ, ರಕ್ತದೊತ್ತಡ ನೋಡುತ್ತಾರೆ. ಆಮೇಲೆ ಮನೆಯವರು ನೆನಪಿಡಬೇಕಾದ್ದು ಒಂದು ಸಂಗತಿ: ಹಾಲಿನ ಜೊತೆಗೆ ಅಥವಾ ಹಾಲು ಕುಡಿದ ಕೂಡಲೇ ಮಾತ್ರ ಔಷಧ. ಇದು ಹಸಿದ ಕೂಸಿನ ರಕ್ತದ ಸಕ್ಕರೆಯನ್ನು ಅಪಾಯಕ್ಕೆ ಇಳಿಸಬಲ್ಲದು, ಮತ್ತು ಸಕ್ಕರೆ ಇಳಿದಾಗ ಎದೆ ಬಡಿದುಕೊಳ್ಳುವ ಎಚ್ಚರಿಕೆಯನ್ನೂ ಅಡಗಿಸುತ್ತದೆ. ವಾಂತಿಯಾಗುತ್ತಿದ್ದರೆ, ಮಗು ಹಾಲು ಬಿಟ್ಟಿದ್ದರೆ ಆ ಹೊತ್ತಿನ ಔಷಧ ಬಿಡಬೇಕು. ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಮೈ ತಣ್ಣಗಾಗಿ ಬೆವರಿದರೆ ಆಸ್ಪತ್ರೆಗೆ ಓಡಬೇಕು. ಉಬ್ಬಸವಿರುವ ಮಗುವಿಗೆ ಇದು ಸಲ್ಲದು. ಆರು ತಿಂಗಳಿಗೂ ಮುಂಚೆ ನಿಲ್ಲಿಸಿದರೆ ಮಚ್ಚೆ ಮತ್ತೆ ತಲೆಯೆತ್ತುವುದುಂಟು, ಪೂರ್ತಿ ಅವಧಿ ಕೊಟ್ಟ ಮೇಲೂ ಕೆಲವರಲ್ಲಿ ಹಾಗಾಗುತ್ತದೆ. ತೆಳ್ಳಗೆ, ಸಣ್ಣಗೆ ಇರುವ ಮಚ್ಚೆಗೆ ಟಿಮೊಲಾಲ್ ಎಂಬ ಕಣ್ಣಿನ ಹನಿಯನ್ನು ಮೇಲೆ ಸವರಿದರೆ ಸಾಕಾಗುತ್ತದೆ. ಇವೆಲ್ಲ ವೈದ್ಯರ ಕಣ್ಣೆದುರು ನಡೆಯಬೇಕಾದವು, ಅಂಗಡಿಯಿಂದ ತಂದು ಮಾಡುವುದಲ್ಲ.

ತೊಡಕಿರುವುದು ಕಾಲದಲ್ಲಿ. ಮೂರನೆಯ ತಿಂಗಳಿಗೇ ಮಚ್ಚೆ ತನ್ನ ಗಾತ್ರದ ಎಂಬತ್ತು ಪಾಲು ಮುಟ್ಟಿರುತ್ತದೆ. ಐದರಿಂದ ಏಳನೆಯ ವಾರದ ಆಸುಪಾಸಿನಲ್ಲಿ ಓಟ ಅತಿ ಬಿರುಸು. ಕಾದು ನೋಡೋಣ ಎಂದು ಹೇಳಿಸಿಕೊಂಡು ಬಂದ ಮಗು ತಜ್ಞರನ್ನು ಕಾಣುವಾಗ ಆ ಓಟ ಸಾಮಾನ್ಯವಾಗಿ ಮುಗಿದಿರುತ್ತದೆ. ಅದಕ್ಕೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರ ಮಾರ್ಗಸೂಚಿಯಲ್ಲಿ, ಅಪಾಯದ ಜಾಗದಲ್ಲಿರುವ ಮಚ್ಚೆಯನ್ನು ಒಂದು ತಿಂಗಳ ವಯಸ್ಸಿಗೇ ತಜ್ಞರಿಗೆ ತೋರಿಸಬೇಕು ಎಂದಿತು. ಮೊಬೈಲಿನಲ್ಲಿ ವಾರಕ್ಕೊಂದು ಫೋಟೋ ತೆಗೆದಿಟ್ಟ ಮನೆಯವರು ವೈದ್ಯರಿಗೆ ದೊಡ್ಡ ಉಪಕಾರ ಮಾಡಿದಂತೆ.

ಪ್ರೊಪ್ರನೊಲಾಲ್ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಈಚೆಗೆ ಕುತೂಹಲದ ಉತ್ತರವೊಂದು ಬಂದಿದೆ. ಆ ಔಷಧ ನಿಜಕ್ಕೂ ಎರಡು ಅಣುಗಳ ಮಿಶ್ರಣ. ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಯ ಬಿಂಬ. ಹೃದಯದ ಬಡಿತ ತಗ್ಗಿಸುವುದು ಅದರಲ್ಲಿ ಒಂದು ಮಾತ್ರ. ಇನ್ನೊಂದು ಹೃದಯಕ್ಕೆ ಏನೂ ಮಾಡದ, ಉಪಯೋಗವಿಲ್ಲದ ಪಾಲು ಎಂದೇ ಎಣಿಸಿದ್ದರು. ರಕ್ತನಾಳ ಕಟ್ಟಲು ಬೇಕಾದ ಸಾಕ್ಸ್-18 ಎಂಬ ಪ್ರೋಟೀನನ್ನು ತಡೆದು, ಮಚ್ಚೆಯ ಮೂಲಕೋಶಗಳು ನಾಳವಾಗದಂತೆ ಮಾಡುವುದು ಆ ಎರಡನೆಯ ಪಾಲೇ ಎಂದು ಬೋಸ್ಟನ್ನಿನ ಜಾಯ್ಸ್ ಬಿಷಾಫ್ ಅವರ ಪ್ರಯೋಗಾಲಯ ಮತ್ತು ಆಸ್ಟ್ರೇಲಿಯಾದ ಸಂಶೋಧಕರ ಕೆಲಸ ತೋರಿಸಿದೆ. ಅದನ್ನಷ್ಟೇ ಬೇರ್ಪಡಿಸಿ ಕೊಡುವಂತಾದರೆ ನಾಡಿ, ರಕ್ತದೊತ್ತಡಗಳ ಆತಂಕ ಬಹುಮಟ್ಟಿಗೆ ತಪ್ಪಬಹುದು. ಈಗ ಮಕ್ಕಳಿಗೆ ಕೊಡುತ್ತಿರುವುದು ಎರಡೂ ಬೆರೆತ ಹಳೆಯ ಮಿಶ್ರಣವನ್ನೇ.